ನಿದ್ರೆ ಸುಧಾರಿಸಿದ್ದಕ್ಕೇ ಖಿನ್ನತೆ ಇಳಿಯಿತೇ? ಟ್ರಯಲ್‌ನ ಎರಡನೇ ಪೇಪರ್‌ಗೆ ಮೀಡಿಯೇಷನ್ ಅನಾಲಿಸಿಸ್ ಯೋಜಿಸುವ ಬಗೆ

ನಿದ್ರಾಹೀನತೆಗೆ ಸಿಬಿಟಿ-ಐ ಎಂಬ ಮನೋಚಿಕಿತ್ಸೆ ಕೊಟ್ಟ ಟ್ರಯಲ್ ಮುಗಿದಿದೆ. ಮುಖ್ಯ ಪೇಪರ್ ಪ್ರಕಟವಾಗಿದೆ. ಚಿಕಿತ್ಸೆ ಪಡೆದವರಲ್ಲಿ ನಿದ್ರೆ ಸುಧಾರಿಸಿತು, ಖಿನ್ನತೆಯ ಅಂಕವೂ ಇಳಿಯಿತು. ಆಗ ಗೈಡ್ ಹೇಳುತ್ತಾರೆ: "ನಿದ್ರೆಯ ಮೂಲಕವೇ ಖಿನ್ನತೆ ಇಳಿದಿದೆ ಅಂತ ಒಂದು ಮೀಡಿಯೇಷನ್ ಪೇಪರ್ ಬರೀರಿ." ಕೆಲಸ ಸುಲಭ ಅನಿಸುತ್ತದೆ. ಡೇಟಾ ಕೈಯಲ್ಲೇ ಇದೆ, ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಮಾಡೆಲ್ ಓಡುವುದಕ್ಕೆ ಎರಡು ನಿಮಿಷ ಸಾಕು.

ಚಿಕಿತ್ಸೆ ಮತ್ತು ಖಿನ್ನತೆಯ ನಡುವಿನ ಕೊಂಡಿ ಎಂದು ನಾವು ಊಹಿಸುವ ನಿದ್ರೆಯೇ ಇಲ್ಲಿ ಮೀಡಿಯೇಟರ್. ತೊಂದರೆ ಇರುವುದು ಬೇರೆ ಕಡೆ. ಯಾರಿಗೆ ಚಿಕಿತ್ಸೆ, ಯಾರಿಗೆ ಇಲ್ಲ ಅನ್ನುವುದನ್ನು ನೀವು ರ‍್ಯಾಂಡಮೈಸ್ ಮಾಡಿದ್ದೀರಿ. ಯಾರ ನಿದ್ರೆ ಎಷ್ಟು ಸುಧಾರಿಸಬೇಕು ಅನ್ನುವುದನ್ನು ಯಾರೂ ರ‍್ಯಾಂಡಮೈಸ್ ಮಾಡಿಲ್ಲ. ಹಾಗಾಗಿ ಚಿಕಿತ್ಸೆಯಿಂದ ನಿದ್ರೆಗೆ ಹೋಗುವ ದಾರಿ ಮಾತ್ರ ಟ್ರಯಲ್‌ನ ಬಲದ ಮೇಲೆ ನಿಂತಿದೆ. ನಿದ್ರೆಯಿಂದ ಖಿನ್ನತೆಗೆ ಹೋಗುವ ದಾರಿ ಯಾವುದೇ ಅವಲೋಕನ ಅಧ್ಯಯನದ ಹಾಗೆ, ಟ್ರಯಲ್ ಒಳಗಿದ್ದರೂ ಸರಿ. ಕೆಳಗಿನ ಎಲ್ಲಾ ಹಂತಗಳೂ ಈ ಎರಡನೇ ದಾರಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದರ ಸುತ್ತಲೇ ಇವೆ.

ವಿಷಯ ಹಿಡಿತಕ್ಕೆ ಸಿಗಲಿ ಅಂತ ಒಂದು ಕಲ್ಪಿತ ಟ್ರಯಲ್ ಇಟ್ಟುಕೊಳ್ಳೋಣ. ನಿದ್ರಾಹೀನತೆಯ ಜೊತೆಗೆ ಸೌಮ್ಯದಿಂದ ಮಧ್ಯಮ ಮಟ್ಟದ ಖಿನ್ನತೆ ಇರುವ 400 ಜನ. ಅರ್ಧ ಜನಕ್ಕೆ ಆ್ಯಪ್ ಮೂಲಕ ಆರು ವಾರದ ಸಿಬಿಟಿ-ಐ, ಉಳಿದವರಿಗೆ ನಿದ್ರೆಯ ಒಳ್ಳೆಯ ಅಭ್ಯಾಸಗಳ ಬಗ್ಗೆ ಕೈಪಿಡಿ. ನಿದ್ರೆಗೆ ಐಎಸ್‌ಐ: ಏಳು ಪ್ರಶ್ನೆ, 0ಯಿಂದ 28 ಅಂಕ. ಖಿನ್ನತೆಗೆ ಪಿಎಚ್‌ಕ್ಯೂ-9: ಒಂಬತ್ತು ಪ್ರಶ್ನೆ, 0ಯಿಂದ 27 ಅಂಕ. ಎರಡರಲ್ಲೂ ಅಂಕ ಹೆಚ್ಚಿದಷ್ಟು ತೊಂದರೆ ಜಾಸ್ತಿ. ಅಳತೆ 0, 6, 12 ಮತ್ತು 24ನೇ ವಾರ. ಕೆಳಗೆ ಬರುವ ಫಲಿತಾಂಶದ ಅಂಕಿಗಳೆಲ್ಲ ಈ ಕಲ್ಪಿತ ಟ್ರಯಲ್‌ನವು, ಲೆಕ್ಕ ತೋರಿಸಲು ಮಾತ್ರ.

ಮೊದಲು: ಯಾವಾಗ ಅಳೆದದ್ದು ಮೀಡಿಯೇಟರ್, ಯಾವಾಗ ಅಳೆದದ್ದು ಫಲಿತಾಂಶ

ಕಾರಣ ಮೊದಲು ಬರಬೇಕು, ಪರಿಣಾಮ ಆಮೇಲೆ. ಇದು ಎಲ್ಲರಿಗೂ ಗೊತ್ತು. ಆದರೂ 12ನೇ ವಾರದ ನಿದ್ರೆಯನ್ನು 12ನೇ ವಾರದ ಖಿನ್ನತೆಗೆ ಮೀಡಿಯೇಟರ್ ಮಾಡಿದ ಪೇಪರ್‌ಗಳು ಬರುತ್ತಲೇ ಇವೆ. ಒಂದೇ ದಿನ, ಒಂದೇ ಫೋನ್‌ನಲ್ಲಿ, ಒಂದೇ ಮನಸ್ಥಿತಿಯಲ್ಲಿ ಎರಡೂ ಫಾರ್ಮ್ ತುಂಬಿದರೆ ಅವು ಒಂದಕ್ಕೊಂದು ಹೊಂದಿಕೊಳ್ಳುವುದು ಸಹಜ. ಬೇಜಾರಾಗಿರುವವರು ನಿದ್ರೆಯನ್ನೂ ಕೆಟ್ಟದ್ದು ಅಂತಲೇ ಬರೆಯುತ್ತಾರೆ.

ಇದರಲ್ಲಿ ಸುಲಭವಾಗಿ ಕಣ್ತಪ್ಪುವ ಒಂದು ವಿಷಯವಿದೆ. ಪಿಎಚ್‌ಕ್ಯೂ-9 ಕೇಳುವುದು ಕಳೆದ ಎರಡು ವಾರದ ಬಗ್ಗೆ. ಐಎಸ್‌ಐ ಕೂಡ ಸಾಮಾನ್ಯವಾಗಿ ಕಳೆದ ಎರಡು ವಾರದ್ದನ್ನೇ ಕೇಳುತ್ತದೆ. ಮೀಡಿಯೇಟರನ್ನು 6ನೇ ವಾರಕ್ಕೂ ಫಲಿತಾಂಶವನ್ನು 7ನೇ ವಾರಕ್ಕೂ ಅಳೆದರೆ, ಕಾಗದದ ಮೇಲೆ ಕ್ರಮ ಸರಿ ಇದೆ. ಆದರೆ ಎರಡೂ ಪ್ರಶ್ನಾವಳಿ ನೋಡುವ ದಿನಗಳಲ್ಲಿ ಒಂದು ವಾರ ಒಂದೇ. ಎರಡರ ನಡುವೆ ಎರಡು ವಾರಕ್ಕಿಂತ ಜಾಸ್ತಿ ಅಂತರ ಇರಲೇಬೇಕು. ನಮ್ಮ ಟ್ರಯಲ್‌ನಲ್ಲಿ 6ನೇ ವಾರದ ಐಎಸ್‌ಐ ಮೀಡಿಯೇಟರ್, 12ನೇ ವಾರದ ಪಿಎಚ್‌ಕ್ಯೂ ಫಲಿತಾಂಶ. ನಡುವೆ ಆರು ವಾರ ಇದೆ, ಸಾಕು.

ಹಾಗಂತ ಅಂತರ ತುಂಬಾ ಉದ್ದವಾದರೂ ಒಳ್ಳೆಯದಲ್ಲ. 24ನೇ ವಾರದ ಹೊತ್ತಿಗೆ ಬದುಕಿನಲ್ಲಿ ಏನೇನೋ ಆಗಿರುತ್ತದೆ. ಹೋಲಿಕೆ ಗುಂಪಿನ ಕೆಲವರು ತಾವೇ ಚಿಕಿತ್ಸೆ ಹುಡುಕಿಕೊಂಡಿರುತ್ತಾರೆ. ಅದನ್ನು ಎರಡನೇ ಫಲಿತಾಂಶವಾಗಿ ಇಟ್ಟುಕೊಳ್ಳಿ.

ಬ್ರಿಟನ್‌ನ ಒಯಾಸಿಸ್ ಟ್ರಯಲ್ ಇದಕ್ಕೆ ಒಳ್ಳೆಯ ಮಾದರಿ. 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳನ್ನು ಡಿಜಿಟಲ್ ಸಿಬಿಟಿ-ಐ ಮತ್ತು ಸಾಮಾನ್ಯ ಆರೈಕೆ ಎಂದು ಭಾಗ ಮಾಡಿದ ಆ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಳತೆಗಳಿದ್ದದ್ದು 3, 10 ಮತ್ತು 22ನೇ ವಾರ. ಮುಖ್ಯ ಫಲಿತಾಂಶದ ಸಮಯ 10ನೇ ವಾರ. ಚಿಕಿತ್ಸೆಯ ನಡುವೆಯೇ, 3ನೇ ವಾರದಲ್ಲೇ, ನಿದ್ರೆಯನ್ನು ಒಮ್ಮೆ ಅಳೆದಿಟ್ಟುಕೊಂಡಿದ್ದರು. ಮೀಡಿಯೇಷನ್ ಆ ಅಧ್ಯಯನದ ಕೇಂದ್ರ ಪ್ರಶ್ನೆಯೇ ಆಗಿತ್ತು. ಅಲ್ಲಿ ಮುಖ್ಯವಾಗಿ ನೋಡಿದ್ದು ಸಂಶಯ ಮತ್ತು ಭ್ರಮೆಯ ಅನುಭವಗಳನ್ನು, ಖಿನ್ನತೆಯನ್ನಲ್ಲ. ಆದರೆ ವಿನ್ಯಾಸದ ಪಾಠ ಒಂದೇ. ನಿಮ್ಮ ಟ್ರಯಲ್‌ನಲ್ಲಿ ಹೀಗೊಂದು ನಡುವಿನ ಅಳತೆ ಇಲ್ಲದಿದ್ದರೆ, ಬರೀ ಶುರು ಮತ್ತು ಕೊನೆ ಮಾತ್ರ ಇದ್ದರೆ, ಈ ಪೇಪರ್ ಬರೆಯಬೇಡಿ ಅಂತಲೇ ನನ್ನ ಸಲಹೆ. ಯಾವ ಮಾಡೆಲ್ ಹಾಕಿದರೂ ಆ ಕೊರತೆ ತುಂಬುವುದಿಲ್ಲ.

ಪ್ರಶ್ನಾವಳಿಯ ಒಳಗೆ ಇಣುಕಿ ನೋಡಿ

ಪಿಎಚ್‌ಕ್ಯೂ-9ರ ಮೂರನೇ ಪ್ರಶ್ನೆ ಯಾವುದು? ನಿದ್ರೆ ಬರುವುದು ಕಷ್ಟವೇ, ನಡುವೆ ಎಚ್ಚರವಾಗುತ್ತದೆಯೇ, ಅಥವಾ ನಿದ್ರೆ ಜಾಸ್ತಿಯೇ ಅನ್ನುವುದು. ಅಂದರೆ ನಿದ್ರೆ ಸುಧಾರಿಸಿದ ಕೂಡಲೇ ಖಿನ್ನತೆಯ ಅಂಕ ತಾನಾಗೇ ಇಳಿಯುತ್ತದೆ. ಮನಸ್ಸು ಒಂದಿಷ್ಟೂ ಹಗುರಾಗದಿದ್ದರೂ ಇಳಿಯುತ್ತದೆ. ಅದನ್ನು ಮೀಡಿಯೇಷನ್ ಅಂತ ಬರೆದರೆ ಒಂದೇ ಅಕ್ಕಿಯನ್ನು ಎರಡು ಸಲ ತೂಗಿ ಎರಡು ಮೂಟೆ ಇದೆ ಅಂದ ಹಾಗೆ.

ಬೇರೆ ಅಳತೆಗಳಲ್ಲೂ ಇದೇ ಕಥೆ. ಹ್ಯಾಮಿಲ್ಟನ್ ಮಾಪನದ 17 ಅಂಶಗಳಲ್ಲಿ ಮೂರು ನಿದ್ರೆಯವೇ. ಮಾಡ್ರಸ್‌ನಲ್ಲಿ ಒಂದಿದೆ. ಎಚ್‌ಎಡಿಎಸ್‌ನ ಖಿನ್ನತೆಯ ಭಾಗದಲ್ಲಿ ನಿದ್ರೆಯ ಪ್ರಶ್ನೆ ಇಲ್ಲ, ಹಾಗಾಗಿ ಅದನ್ನು ಬಳಸಿದವರಿಗೆ ಈ ತಲೆನೋವು ಕಡಿಮೆ.

ನಮ್ಮ ಕಲ್ಪಿತ ಟ್ರಯಲ್‌ನಲ್ಲಿ ಲೆಕ್ಕ ಮಾಡಿ ನೋಡೋಣ. ಚಿಕಿತ್ಸೆ 6ನೇ ವಾರದ ಐಎಸ್‌ಐಯನ್ನು ಹೋಲಿಕೆ ಗುಂಪಿಗಿಂತ 4 ಅಂಕ ಇಳಿಸಿತು. ಐಎಸ್‌ಐ ಒಂದು ಅಂಕ ಇಳಿದರೆ 12ನೇ ವಾರದ ಪಿಎಚ್‌ಕ್ಯೂ-9 ಸರಾಸರಿ 0.35 ಅಂಕ ಇಳಿಯುತ್ತದೆ. ಹಾಗಾದರೆ ನಿದ್ರೆಯ ಮೂಲಕ ಹೋದ ಪರೋಕ್ಷ ಪರಿಣಾಮ 4 × 0.35, ಅಂದರೆ 1.4 ಅಂಕ. ಒಟ್ಟು ಪರಿಣಾಮ 2 ಅಂಕದ ಇಳಿಕೆ. "70 ಪ್ರತಿಶತ ನಿದ್ರೆಯಿಂದಲೇ" ಎಂದು ಬರೆಯಲು ಕೈ ತುರಿಸುತ್ತದೆ.

ಈಗ ಮೂರನೇ ಪ್ರಶ್ನೆಯನ್ನು ತೆಗೆದು ಉಳಿದ ಎಂಟರ ಮೊತ್ತ ತೆಗೆದುಕೊಳ್ಳಿ. ಒಟ್ಟು ಪರಿಣಾಮ 1.5ಕ್ಕೆ ಬಂತು. ಐಎಸ್‌ಐ ಜೊತೆಗಿನ ಸಂಬಂಧ 0.35ರಿಂದ 0.23ಕ್ಕೆ ಇಳಿಯಿತು. ಪರೋಕ್ಷ ಪರಿಣಾಮ 4 × 0.23, ಅಂದರೆ 0.92. ಮೊದಲಿನ 1.4ರಲ್ಲಿ ಸುಮಾರು ಅರ್ಧ ಅಂಕ ಆ ಒಂದೇ ಪ್ರಶ್ನೆಯಿಂದ ಬಂದದ್ದು! ಶೇಕಡಾ ಲೆಕ್ಕ ಮಾತ್ರ ನೋಡಿದವರಿಗೆ 70 ಹೋಗಿ 61 ಆಯಿತು, ದೊಡ್ಡ ವ್ಯತ್ಯಾಸ ಏನಿಲ್ಲ ಅನಿಸುತ್ತದೆ. ಅಂಕಗಳಲ್ಲಿ ನೋಡಿದರೆ ಪರೋಕ್ಷ ಪರಿಣಾಮದ ಮೂರನೇ ಒಂದು ಭಾಗ ಹೋಗಿದೆ.

ಹಾಗಾಗಿ ನಿದ್ರೆಯ ಪ್ರಶ್ನೆ ಇಲ್ಲದ ಎಂಟು ಪ್ರಶ್ನೆಯ ಮೊತ್ತವೇ ಮುಖ್ಯ ಫಲಿತಾಂಶ ಆಗಲಿ. ಪೂರ್ತಿ ಒಂಬತ್ತರ ಮೊತ್ತ ಪೂರಕ ಕೋಷ್ಟಕಕ್ಕೆ ಹೋಗಲಿ. ಒಂದು ಎಚ್ಚರಿಕೆ: ಪಿಎಚ್‌ಕ್ಯೂ-8 ಎಂಬ ಹೆಸರಿನ ಮಾಪನ ಈಗಾಗಲೇ ಇದೆ. ಅದು ಕೊನೆಯ ಪ್ರಶ್ನೆಯನ್ನು, ಸಾವು ಮತ್ತು ಸ್ವಹಾನಿಯ ಯೋಚನೆಯ ಪ್ರಶ್ನೆಯನ್ನು ಬಿಟ್ಟದ್ದು. ನಿಮ್ಮದನ್ನು ಆ ಹೆಸರಿನಿಂದ ಕರೆಯಬೇಡಿ, ಓದುವವರಿಗೆ ಗೊಂದಲ ಆಗುತ್ತದೆ.

ಇನ್ನೊಂದು ಕಡೆಯಿಂದಲೂ ಸೋರಿಕೆ ಇದೆ. ಐಎಸ್‌ಐನ ಒಂದು ಪ್ರಶ್ನೆ ನಿದ್ರೆಯ ತೊಂದರೆಯಿಂದ ದಿನದ ಬದುಕು ಎಷ್ಟು ಕೆಟ್ಟಿದೆ ಎಂದು ಕೇಳುತ್ತದೆ. ಅದರಲ್ಲಿ ಉದಾಹರಣೆಗೆ ಕೊಟ್ಟಿರುವ ಮಾತುಗಳಲ್ಲಿ ಆಯಾಸ, ಏಕಾಗ್ರತೆ ಮತ್ತು ಮೂಡ್ ಸೇರಿವೆ. ಅಂದರೆ ಮೀಡಿಯೇಟರ್ ಒಳಗೇ ಖಿನ್ನತೆಯ ಒಂದು ತುಣುಕಿದೆ. ಇದಕ್ಕೆ ಒಂದು ಸರಳ ಪರೀಕ್ಷೆ ಮೊದಲೇ ಯೋಜನೆಯಲ್ಲಿ ಬರೆದಿಡಿ. ನಿದ್ರೆ ಹತ್ತುವುದು, ನಡುವೆ ಎಚ್ಚರವಾಗುವುದು, ಬೆಳಗಿನ ಜಾವ ಬೇಗ ಎಚ್ಚರವಾಗುವುದು, ಈ ಮೂರು ಪ್ರಶ್ನೆಗಳ ಮೊತ್ತವನ್ನು ಮಾತ್ರ ಮೀಡಿಯೇಟರ್ ಮಾಡಿ ಮತ್ತೊಮ್ಮೆ ಲೆಕ್ಕ ಮಾಡುವುದು. ಪರೋಕ್ಷ ಪರಿಣಾಮ ಪೂರ್ತಿ ಕುಸಿದರೆ, ನಿಮ್ಮ ಮೀಡಿಯೇಟರ್ ನಿದ್ರೆಯೋ ನಿದ್ರೆಯ ಬಗೆಗಿನ ಚಿಂತೆಯೋ ಎಂದು ಚರ್ಚೆಯ ಭಾಗದಲ್ಲಿ ಬರೆಯಬೇಕಾಗುತ್ತದೆ. ಅದೂ ಒಂದು ಒಳ್ಳೆಯ ಫಲಿತಾಂಶವೇ.

"ಹಾಗಾದರೆ ಮಣಿಕಟ್ಟಿಗೆ ಕಟ್ಟುವ ಆ್ಯಕ್ಟಿಗ್ರಾಫ್‌ನ ನಿದ್ರೆಯನ್ನೇ ತೆಗೆದುಕೊಳ್ಳಬಹುದಲ್ವಾ?" ಎಂದು ಕೇಳುವವರು ಇದ್ದೇ ಇರುತ್ತಾರೆ. ತೆಗೆದುಕೊಳ್ಳಬಹುದು, ಆದರೆ ಅದು ಬೇರೆ ಪ್ರಶ್ನೆ. ನಿದ್ರಾಹೀನತೆ ಎನ್ನುವುದು ಮೂಲದಲ್ಲಿ ರೋಗಿ ಹೇಳುವ ದೂರಿನ ಮೇಲೆ ನಿಂತ ರೋಗ. ಸಿಬಿಟಿ-ಐ ಶುರುವಿನಲ್ಲಿ ಹಾಸಿಗೆಯಲ್ಲಿರುವ ಹೊತ್ತನ್ನೇ ಕಡಿಮೆ ಮಾಡುತ್ತದೆ. ಹಾಗಾಗಿ ಒಟ್ಟು ನಿದ್ರೆಯ ಗಂಟೆ ಹೆಚ್ಚದೆಯೂ ನಿದ್ರಾಹೀನತೆ ವಾಸಿಯಾಗುವುದುಂಟು. ಸಾಧನ ಅಳೆದದ್ದೇ ನಿಜ, ಮನುಷ್ಯ ಹೇಳಿದ್ದು ಸುಳ್ಳು ಅಂತ ಅಂದುಕೊಳ್ಳಬೇಡಿ.

6ನೇ ವಾರದ ಖಿನ್ನತೆಯನ್ನು ಏನು ಮಾಡುವುದು?

ಇಡೀ ಯೋಜನೆಯಲ್ಲಿ ಅತಿ ಕಷ್ಟದ ಪ್ರಶ್ನೆ ಇದು. ಸಮಯ ಕೊಡಿ.

ಮೀಡಿಯೇಟರ್ ಮತ್ತು ಫಲಿತಾಂಶ ಎರಡನ್ನೂ ಅಲುಗಾಡಿಸುವ ಅಂಶಗಳ ಪಟ್ಟಿ ಮಾಡಬೇಕು. ಮೊದಲು ರ‍್ಯಾಂಡಮೈಸೇಷನ್‌ಗಿಂತ ಮುಂಚಿನವು: ಶುರುವಿನ ಐಎಸ್‌ಐ, ಶುರುವಿನ ಪಿಎಚ್‌ಕ್ಯೂ, ವಯಸ್ಸು, ಲಿಂಗ, ಆತಂಕದ ಅಂಕ, ದೀರ್ಘಕಾಲದ ನೋವು, ಮದ್ಯ, ರಾತ್ರಿ ಪಾಳಿ ಕೆಲಸ, ಔಷಧಿ. ಇವನ್ನು ಎರಡೂ ಮಾಡೆಲ್‌ಗೆ ಹಾಕಿದರೆ ಆಯಿತು. ಶುರುವಿನ ಅಂಕಗಳನ್ನು ಬಿಟ್ಟರೆ ಮಾತ್ರ ದೊಡ್ಡ ಅನಾಹುತ. ಮೊದಲಿಂದಲೂ ಜಾಸ್ತಿ ಖಿನ್ನತೆ ಇದ್ದವರು 6ನೇ ವಾರಕ್ಕೆ ಕೆಟ್ಟ ನಿದ್ರೆಯನ್ನೂ, 12ನೇ ವಾರಕ್ಕೆ ಜಾಸ್ತಿ ಖಿನ್ನತೆಯನ್ನೂ ತೋರಿಸುತ್ತಾರೆ. ಅದು ನಿದ್ರೆಯ ಪರಿಣಾಮದ ವೇಷದಲ್ಲಿ ಬರುತ್ತದೆ.

ಆಮೇಲೆ ರ‍್ಯಾಂಡಮೈಸೇಷನ್ ನಂತರದ್ದು. ಯಾರೋ ಒಬ್ಬರು ಎರಡನೇ ವಾರಕ್ಕೆ ಮಿರ್ಟಜಪೈನ್ ಅಥವಾ ಅಮಿಟ್ರಿಪ್ಟಿಲೀನ್ ಶುರು ಮಾಡಿದರು ಅಂದುಕೊಳ್ಳಿ. ಎರಡೂ ನಿದ್ರೆ ತರಿಸುತ್ತವೆ, ಎರಡೂ ಖಿನ್ನತೆಗೆ ಕೊಡುವ ಔಷಧಿಗಳೇ. ಇಂಥವರಲ್ಲಿ ನಿದ್ರೆಯೂ ಸುಧಾರಿಸುತ್ತದೆ, ಖಿನ್ನತೆಯೂ ಇಳಿಯುತ್ತದೆ. ನಿಮ್ಮ ಮಾಡೆಲ್ ಆ ಕೀರ್ತಿಯನ್ನು ನಿದ್ರೆಗೆ ಕೊಟ್ಟುಬಿಡುತ್ತದೆ.

ಅದಕ್ಕಿಂತ ದೊಡ್ಡದು 6ನೇ ವಾರದ ಖಿನ್ನತೆಯೇ. ಸಿಬಿಟಿ-ಐನಲ್ಲಿ ನಿದ್ರೆಯ ಪಾಠ ಮಾತ್ರ ಇರುವುದಿಲ್ಲ. ಬೆಳಗ್ಗೆ ನಿಗದಿತ ಸಮಯಕ್ಕೆ ಏಳುವುದು, ಹಗಲಿನಲ್ಲಿ ಚಟುವಟಿಕೆಯಿಂದಿರುವುದು, ಅತಿಯಾದ ಯೋಚನೆಗಳನ್ನು ಪ್ರಶ್ನಿಸುವುದು ಎಲ್ಲಾ ಇದೆ. ಇವು ನಿದ್ರೆಯನ್ನು ಮುಟ್ಟದೆ ನೇರವಾಗಿಯೂ ಮನಸ್ಸನ್ನು ಹಗುರ ಮಾಡಬಹುದು. ಮನಸ್ಸು ಹಗುರಾದ ಮೇಲೆ ನಿದ್ರೆ ಚೆನ್ನಾಗಿ ಬರುತ್ತದೆ. ಆಗ 6ನೇ ವಾರದ ಖಿನ್ನತೆ, ಅದೇ ವಾರದ ನಿದ್ರೆಗೂ 12ನೇ ವಾರದ ಖಿನ್ನತೆಗೂ ಕಾರಣ ಆಯಿತು. ಅದರ ಮೇಲೆ ಚಿಕಿತ್ಸೆಯ ಪ್ರಭಾವವೂ ಇದೆ.

ಇಲ್ಲಿ ಎರಡು ಕಡೆಯೂ ಗುಂಡಿ. 6ನೇ ವಾರದ ಖಿನ್ನತೆಯನ್ನು ಮಾಡೆಲ್‌ಗೆ ಹಾಕದಿದ್ದರೆ, ನಿದ್ರೆಯ ಪಾಲು ಉಬ್ಬುವ ಸಾಧ್ಯತೆ ಇದೆ. ಹಾಕಿದರೆ, ಮೊದಲ ಆರು ವಾರದಲ್ಲೇ ನಿದ್ರೆಯಿಂದ ಮನಸ್ಸಿಗೆ ಆದ ಲಾಭವನ್ನೂ ಅಳಿಸಿಬಿಡುತ್ತೀರಿ, ನಿದ್ರೆಯ ಪಾಲು ಕುಗ್ಗುತ್ತದೆ. ನಮ್ಮ ಉದಾಹರಣೆಯಲ್ಲಿ ಹಾಕದಾಗ ಸಂಬಂಧ 0.23, ಹಾಕಿದಾಗ 0.11. ಪರೋಕ್ಷ ಪರಿಣಾಮ 0.92 ಇದ್ದದ್ದು 0.44ಕ್ಕೆ ಬಂತು. ಯಾವುದು ಸರಿ? ಡೇಟಾ ಅದನ್ನು ಹೇಳುವುದಿಲ್ಲ.

ನಾನು ಒಪ್ಪುವ ದಾರಿ ಹೀಗಿದೆ. ಮುಖ್ಯ ವಿಶ್ಲೇಷಣೆಯಲ್ಲಿ ಶುರುವಿನ ಅಂಶಗಳನ್ನು ಮಾತ್ರ ಹಾಕಿ. ಜೊತೆಗೆ 6ನೇ ವಾರದ ಖಿನ್ನತೆ ಸೇರಿಸಿದ ಲೆಕ್ಕವನ್ನೂ ಅದೇ ಕೋಷ್ಟಕದಲ್ಲಿ, ಪಕ್ಕದ ಕಾಲಮ್‌ನಲ್ಲಿ ಇಡಿ. ಪೂರಕ ಕಡತದಲ್ಲಿ ಮುಚ್ಚಿಡಬೇಡಿ. ಅಂಕಿಅಂಶ ತಜ್ಞರು ಜೊತೆಗಿದ್ದರೆ, ಚಿಕಿತ್ಸೆಯಿಂದ ಬದಲಾಗುವ ಇಂಥ ನಡುವಿನ ಅಂಶಗಳನ್ನು ನಿಭಾಯಿಸುವ ಇಂಟರ್ವೆನ್ಷನಲ್ ಪರೋಕ್ಷ ಪರಿಣಾಮದ ವಿಧಾನವನ್ನು ಸೇರಿಸಬಹುದು. ಅದು ಕೇಳುವ ಪ್ರಶ್ನೆ ಸ್ವಲ್ಪ ಬೇರೆ. ಒಬ್ಬೊಬ್ಬರ ನಿದ್ರೆ ಹೇಗೆ ಬದಲಾಯಿತು ಅನ್ನುವುದರ ಬದಲು, ಇಡೀ ಗುಂಪಿನ ನಿದ್ರೆಯ ಹಂಚಿಕೆಯನ್ನು ಚಿಕಿತ್ಸೆ ಪಡೆದ ಗುಂಪಿನಂತೆ ಮಾಡಿದರೆ ಏನಾಗುತ್ತಿತ್ತು ಎಂದು ಕೇಳುತ್ತದೆ.

ಹಿಂದುಮುಂದು ಮಾಡಿಯೂ ಒಮ್ಮೆ ನೋಡಿ. 6ನೇ ವಾರದ ಖಿನ್ನತೆಯನ್ನು ಮೀಡಿಯೇಟರ್ ಮಾಡಿ, 12ನೇ ವಾರದ ನಿದ್ರೆಯನ್ನು ಫಲಿತಾಂಶ ಮಾಡಿ. ಆ ಕಡೆಯ ಪಾಲು ಚಿಕ್ಕದಿದ್ದು ಈ ಕಡೆಯದ್ದು ದೊಡ್ಡದಿದ್ದರೆ ನಿಮ್ಮ ವಾದಕ್ಕೆ ಸ್ವಲ್ಪ ಬಲ. ಎರಡೂ ಒಂದೇ ಸಮ ಬಂದರೆ "ನಿದ್ರೆ ಮತ್ತು ಖಿನ್ನತೆ ಜೊತೆಜೊತೆಗೆ ಸುಧಾರಿಸಿದವು" ಅನ್ನುವುದಕ್ಕಿಂತ ಜಾಸ್ತಿ ಹೇಳುವ ಹಕ್ಕು ನಿಮಗಿಲ್ಲ.

ಡೇಟಾ ತೆರೆಯುವ ಮುಂಚೆ ಬರೆದು ನೋಂದಾಯಿಸಿ

ಇದು ಎರಡನೇ ಪೇಪರ್. ಮುಖ್ಯ ಫಲಿತಾಂಶ ನಿಮಗೆ ಆಗಲೇ ಗೊತ್ತು. ಹಾಗಾಗಿ "ಮೊದಲೇ ನಿರ್ಧರಿಸಿದ್ದು" ಎಂಬ ಮಾತನ್ನು ಎಚ್ಚರಿಕೆಯಿಂದ ಬಳಸಬೇಕು. ಮೂಲ ಪ್ರೋಟೋಕಾಲ್ ಮತ್ತು ನೋಂದಣಿ ತೆಗೆದು ಓದಿ. ಭಾರತದ ಟ್ರಯಲ್ ಆದರೆ ಸಿಟಿಆರ್‌ಐನಲ್ಲಿ ಸಿಗುತ್ತದೆ, ಬೇರೆ ದೇಶದ್ದಾದರೆ ಅಲ್ಲಿನ ರಿಜಿಸ್ಟ್ರಿಯಲ್ಲಿ. ಅಲ್ಲಿ ಮೀಡಿಯೇಷನ್ ಮಾತೇ ಇಲ್ಲದಿದ್ದರೆ, ನಿಮ್ಮದು ಆಮೇಲೆ ಯೋಚಿಸಿದ ವಿಶ್ಲೇಷಣೆ. ಹಾಗೆಂದೇ ಬರೆಯಿರಿ, ಅವಮಾನ ಏನಿಲ್ಲ. ಈಗಲೂ ನಿದ್ರೆ ಮತ್ತು ಖಿನ್ನತೆಯ ಸಂಬಂಧವನ್ನು ನೋಡುವ ಮುಂಚೆ ಯೋಜನೆಯನ್ನು ಒಎಸ್‌ಎಫ್ ಎಂಬ ಮುಕ್ತ ಜಾಲತಾಣದಲ್ಲಿ ದಿನಾಂಕದ ಸಮೇತ ಹಾಕಬಹುದು. ಡೇಟಾವನ್ನು ಆಗಲೇ ಎಷ್ಟು ನೋಡಿದ್ದೀರಿ ಎಂಬುದನ್ನೂ ಅದರಲ್ಲೇ ಹೇಳಿ.

ಯೋಜನೆಯಲ್ಲಿ ಇರಬೇಕಾದ್ದು ಜಾಸ್ತಿ ಏನಲ್ಲ: ಒಂದು ಮೀಡಿಯೇಟರ್, ಒಂದು ಫಲಿತಾಂಶ, ಅವುಗಳ ವಾರ, ಹಾಕುವ ಅಂಶಗಳ ಪಟ್ಟಿ ಕಾರಣದ ಸಮೇತ, ಮತ್ತು ಬಾಣಗಳಿರುವ ಒಂದು ಚಿತ್ರ. ಆ ಚಿತ್ರವನ್ನು ಸುಮ್ನೆ ಅಲಂಕಾರಕ್ಕೆ ಹಾಕಬೇಡಿ. ಯಾವ ಬಾಣ ಇಲ್ಲ ಎಂದು ನೀವು ನಂಬಿದ್ದೀರಿ ಅನ್ನುವುದು ಅದರಲ್ಲಿ ಕಾಣಬೇಕು. ಬರೆಯುವಾಗ 2021ರಲ್ಲಿ ಬಂದ ಅಗ್ರೆಮಾ ಮಾರ್ಗಸೂಚಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮೀಡಿಯೇಷನ್ ವಿಶ್ಲೇಷಣೆಗಳ ವರದಿಗೆಂದೇ ಮಾಡಿದ್ದು ಅದು. ಎರಡನೇ ಪೇಪರ್‌ಗಳಿಗಾಗಿ ಅದರ ಚಿಕ್ಕ ಆವೃತ್ತಿಯೂ ಇದೆ.

ನಿದ್ರೆಯ ಜೊತೆಗೆ ಆತಂಕ, ಆಯಾಸ, ನಿದ್ರೆಯ ಬಗೆಗಿನ ನಂಬಿಕೆ ಅಂತ ಆರು ಮೀಡಿಯೇಟರ್ ಹಾಕಿ ಯಾವುದು ಗೆದ್ದಿತು ನೋಡೋಣ ಅನ್ನುವ ಆಸೆ ಬರುತ್ತದೆ. ಒಂದೇ ಸಾಕು.

400 ಜನ ಸಾಕೇ?

ಮೀಡಿಯೇಷನ್‌ಗೆ ಬೇಕಾದ ಜನಸಂಖ್ಯೆಯ ಬಗ್ಗೆ ಫ್ರಿಟ್ಜ್ ಮತ್ತು ಮೆಕಿನನ್ 2007ರಲ್ಲಿ ಸಿಮ್ಯುಲೇಷನ್ ಮಾಡಿ ಕೋಷ್ಟಕ ಕೊಟ್ಟಿದ್ದಾರೆ. ಎರಡೂ ದಾರಿಗಳು ಚಿಕ್ಕದಿದ್ದರೆ, ಅಂದರೆ ಪ್ರಮಾಣಿತ ಅಳತೆಯಲ್ಲಿ 0.14ರಷ್ಟಿದ್ದರೆ, 80 ಪ್ರತಿಶತ ಪವರ್‌ಗೆ ಬಳಸುವ ಪರೀಕ್ಷೆಯನ್ನು ನೋಡಿಕೊಂಡು ಸುಮಾರು 460ರಿಂದ 670 ಜನ ಬೇಕು. ನಿದ್ರೆಯ ಟ್ರಯಲ್‌ಗಳಲ್ಲಿ ಮೊದಲ ದಾರಿ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಸೊರಗುವುದು ಎರಡನೆಯದ್ದು.

ಇಲ್ಲಿ ಒಂದು ವಿಚಿತ್ರ ಇದೆ. ಚಿಕಿತ್ಸೆ ನಿದ್ರೆಯನ್ನು ತುಂಬಾ ಚೆನ್ನಾಗಿ ಸುಧಾರಿಸಿದರೆ, ಯಾವ ಗುಂಪು ಎನ್ನುವುದೂ ಎಷ್ಟು ನಿದ್ರೆ ಎನ್ನುವುದೂ ಹೆಚ್ಚುಕಡಿಮೆ ಒಂದೇ ಮಾಹಿತಿ ಆಗಿಬಿಡುತ್ತವೆ. ಆಗ ಅವೆರಡರ ಪರಿಣಾಮವನ್ನು ಬೇರ್ಪಡಿಸಲು ಮಾಡೆಲ್‌ಗೆ ಕಷ್ಟ. ಹಾಗಾಗಿ ಕೋಷ್ಟಕ ನೋಡಿ ಸುಮ್ಮನಾಗದೆ, ನಿಮ್ಮ ಅಂದಾಜಿನ ಅಂಕಿಗಳನ್ನು ಹಾಕಿ ಸಾವಿರ ಸಲ ನಕಲಿ ಡೇಟಾ ಹುಟ್ಟಿಸಿ ನೋಡಿ. 400ರಲ್ಲಿ ಕಾಲು ಭಾಗ ಬಿಟ್ಟುಹೋಗಿ 300 ಉಳಿದರೆ ಏನಾಗುತ್ತದೆ ಎಂಬುದನ್ನೂ ಅದರಲ್ಲೇ ನೋಡಿ.

ಮಾಡೆಲ್

ಇದು ಚಿಕ್ಕ ಕೆಲಸ. 1986ರ ಬ್ಯಾರನ್-ಕೆನ್ನಿ ಹಂತಗಳನ್ನು, "ಮೊದಲು ಒಟ್ಟು ಪರಿಣಾಮ ಸಿಗ್ನಿಫಿಕೆಂಟ್ ಇರಬೇಕು" ಎಂಬ ನಿಯಮದ ಸಮೇತ, ಬಿಟ್ಟುಬಿಡಿ. ಆರ್‌ನಲ್ಲಿ ಎರಡು ಮಾಡೆಲ್ ಬರೆದು `mediation` ಪ್ಯಾಕೇಜ್‌ಗೆ ಕೊಡಿ. ಕೆಳಗೆ `phq12x` ಅಂದರೆ 12ನೇ ವಾರದ, ನಿದ್ರೆಯ ಪ್ರಶ್ನೆ ತೆಗೆದ ಮೊತ್ತ. `arm` 0 ಅಥವಾ 1.

```r
library(mediation)
v <- c("arm", "isi6", "phq12x", "isi0", "phq0x", "age", "sex", "anx0", "med0")
d <- d[complete.cases(d[, v]), ]
m <- lm(isi6 ~ arm + isi0 + phq0x + age + sex + anx0 + med0, data = d)
y <- lm(phq12x ~ arm * isi6 + isi0 + phq0x + age + sex + anx0 + med0,
        data = d)
set.seed(612)
out <- mediate(m, y, treat = "arm", mediator = "isi6", sims = 2000)
summary(out)
s <- medsens(out, rho.by = 0.05, effect.type = "indirect")
summary(s)
```

ಎರಡನೇ ಮಾಡೆಲ್‌ನಲ್ಲಿ `arm * isi6` ಇರುವುದಕ್ಕೆ ಕಾರಣವಿದೆ. ನಿದ್ರೆ ಒಂದು ಅಂಕ ಸುಧಾರಿಸಿದಾಗ ಖಿನ್ನತೆ ಇಳಿಯುವ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ ಇರಬೇಕು ಎಂದೇನಿಲ್ಲ. ಫಲಿತಾಂಶದಲ್ಲಿ `ACME` ಎಂದು ಬರುವುದು ಪರೋಕ್ಷ ಪರಿಣಾಮ, `ADE` ನೇರ ಪರಿಣಾಮ. ಎರಡೂ ಗುಂಪಿಗೆ ಬೇರೆ ಬೇರೆ ಅಂಕಿ ಬರುತ್ತದೆ. ಎರಡೂ ಹತ್ತಿರ ಇದ್ದರೆ ಸರಾಸರಿ ಕೊಡಿ, ದೂರ ಇದ್ದರೆ ಎರಡನ್ನೂ ಕೊಡಿ.

ಈ ಕೋಡ್ ಪೂರ್ತಿ ಡೇಟಾ ಇರುವವರನ್ನು ಮಾತ್ರ ತೆಗೆದುಕೊಳ್ಳುತ್ತದೆ. ಆ್ಯಪ್ ಟ್ರಯಲ್‌ಗಳಲ್ಲಿ ಜನ ನಡುವೆ ಬಿಡುವುದು ಮಾಮೂಲು. ಚಿಕಿತ್ಸೆಯ ಗುಂಪಿನವರು ಹೆಚ್ಚಾಗಿ ಬಿಡುವುದೂ ಉಂಟು, ಯಾಕೆಂದರೆ ಹಾಸಿಗೆಯ ಸಮಯ ಕಡಿತ ಮಾಡುವ ಮೊದಲ ವಾರಗಳು ಕಷ್ಟದವು. ನಿದ್ರೆ ಸುಧಾರಿಸದವರೇ ಬಿಟ್ಟುಹೋದರೆ ಉಳಿದವರ ಲೆಕ್ಕ ಸುಂದರವಾಗಿ ಕಾಣುತ್ತದೆ. ಇಲ್ಲದ ಅಂಕಗಳನ್ನು ಹಲವು ಸಲ ಅಂದಾಜಿಸಿ ತುಂಬುವ ಮಲ್ಟಿಪಲ್ ಇಂಪ್ಯುಟೇಷನ್ ಅನ್ನು ಎರಡೂ ಗುಂಪಿಗೆ ಪ್ರತ್ಯೇಕವಾಗಿ ಮಾಡಿ, ಇಲ್ಲದಿದ್ದರೆ ಮೇಲೆ ಹೇಳಿದ ಗುಂಪು-ನಿದ್ರೆ ವ್ಯತ್ಯಾಸ ಅಳಿಸಿಹೋಗುತ್ತದೆ. ಎಲ್ಲಾ ವಾರಗಳ ಐಎಸ್‌ಐ ಮತ್ತು ಪಿಎಚ್‌ಕ್ಯೂ ಅದರೊಳಗೆ ಇರಲಿ. ಆಮೇಲೆ, ಬಿಟ್ಟುಹೋದ ಚಿಕಿತ್ಸೆ ಗುಂಪಿನವರ ಖಿನ್ನತೆಯ ಅಂಕಕ್ಕೆ 1, 2, 3 ಸೇರಿಸುತ್ತಾ ಹೋಗಿ, ತೀರ್ಮಾನ ಎಲ್ಲಿ ಮುರಿಯುತ್ತದೆ ನೋಡಿ.

ಕಾಣದ ಕಾರಣ ಎಷ್ಟು ಬಲವಾಗಿದ್ದರೆ ನಮ್ಮ ಮಾತು ಬೀಳುತ್ತದೆ?

ಮೇಲಿನ ಕೋಡ್‌ನ ಕೊನೆಯ ಎರಡು ಸಾಲು ಇದಕ್ಕೇ. ಎರಡೂ ಮಾಡೆಲ್‌ಗಳು ವಿವರಿಸದೆ ಬಿಟ್ಟ ಉಳಿಕೆಗಳ ನಡುವೆ ನಾವು ಅಳೆಯದ ಯಾವುದೋ ಕಾರಣದಿಂದ ಸಂಬಂಧ ಇದ್ದರೆ ಪರೋಕ್ಷ ಪರಿಣಾಮ ಎಷ್ಟಾಗುತ್ತದೆ ಎಂದು `medsens` ಲೆಕ್ಕ ಹಾಕುತ್ತದೆ. ಆ ಸಂಬಂಧಕ್ಕೆ ರೋ ಎನ್ನುತ್ತಾರೆ. ರೋ 0.3 ಆದಾಗ ಪರಿಣಾಮ ಸೊನ್ನೆಯಾಗುತ್ತದೆ ಅಂದುಕೊಳ್ಳಿ. ಅದು ದೊಡ್ಡದೋ ಚಿಕ್ಕದೋ? ಬರೀ ಅಂಕಿ ನೋಡಿ ಹೇಳಲಾಗದು. ಅಳತೆಗೋಲು ನಿಮ್ಮ ಡೇಟಾದಲ್ಲೇ ಇದೆ. ಶುರುವಿನ ಆತಂಕದ ಅಂಕವನ್ನು ಎರಡೂ ಮಾಡೆಲ್‌ನಿಂದ ತೆಗೆದು ನೋಡಿ. ಆಗ ಉಳಿಕೆಗಳು ಎಷ್ಟು ಬದಲಾದವು? ಆತಂಕದಷ್ಟೇ ಬಲದ ಇನ್ನೊಂದು ಕಾಣದ ಕಾರಣ ಇದ್ದರೆ ನಮ್ಮ ತೀರ್ಮಾನ ಉಳಿಯುತ್ತದೆಯೇ ಎಂದು ಆಗ ಹೇಳಬಹುದು. ಹಾಗೆ ಬರೆದರೆ ಓದುಗರಿಗೂ ಅರ್ಥವಾಗುತ್ತದೆ.

ರೋ ಹಿಡಿಯದ ಎರಡು ಸಂಗತಿಗಳಿವೆ. ಒಂದು, ಅಳತೆಯ ತಪ್ಪು. ಐಎಸ್‌ಐ ಪರಿಪೂರ್ಣ ಅಳತೆ ಅಲ್ಲ. ಮೀಡಿಯೇಟರ್‌ನಲ್ಲಿ ಗದ್ದಲ ಇದ್ದಷ್ಟೂ ಪರೋಕ್ಷ ಪರಿಣಾಮ ಚಿಕ್ಕದಾಗಿ, ನೇರ ಪರಿಣಾಮ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ "ಉಳಿದದ್ದು ನಿದ್ರೆಯಲ್ಲದ ಕಾರಣದಿಂದ" ಎಂದು ನೇರ ಪರಿಣಾಮವನ್ನು ವಿವರಿಸಲು ಆತುರಪಡಬೇಡಿ. ಎರಡು, ತಾವು ಯಾವ ಗುಂಪಿನಲ್ಲಿದ್ದೇವೆ ಎಂದು ಎಲ್ಲರಿಗೂ ಗೊತ್ತು. ಚಿಕಿತ್ಸೆ ಸಿಕ್ಕಿದೆ ಎಂಬ ಸಮಾಧಾನದಿಂದ ಎರಡೂ ಫಾರ್ಮ್‌ನಲ್ಲಿ ಚೆನ್ನಾಗಿದೆ ಎಂದು ತುಂಬುವವರಿದ್ದಾರೆ. ಇದನ್ನು ಕಡಿಮೆ ಮಾಡುವ ದಾರಿ ಹೋಲಿಕೆ ಗುಂಪಿನಲ್ಲಿದೆ. 2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಗುಡ್‌ನೈಟ್ ಅಧ್ಯಯನದಲ್ಲಿ 1,149 ಜನರಿದ್ದರು. ಅವರಿಗೆ ನಿದ್ರಾಹೀನತೆಯ ಜೊತೆ ಖಿನ್ನತೆಯ ಲಕ್ಷಣಗಳಿದ್ದವು, ಆದರೆ ಪೂರ್ಣ ಪ್ರಮಾಣದ ಖಿನ್ನತೆ ಇರಲಿಲ್ಲ. ಹೋಲಿಕೆ ಗುಂಪಿಗೆ ನಿದ್ರೆಗೆ ಸಂಬಂಧವಿಲ್ಲದ ಆರೋಗ್ಯ ಮಾಹಿತಿಯ ಇನ್ನೊಂದು ಇಂಟರ್ನೆಟ್ ಕಾರ್ಯಕ್ರಮವನ್ನೇ ಕೊಟ್ಟಿದ್ದರು. ನಿಮ್ಮ ಹೋಲಿಕೆ ಗುಂಪು ಬರೀ ಕಾಯುವ ಪಟ್ಟಿ ಆಗಿದ್ದರೆ ಈ ಮಿತಿಯನ್ನು ಸ್ಪಷ್ಟವಾಗಿ ಬರೆಯಲೇಬೇಕು.

ಬರೆಯುವಾಗ

ಶೇಕಡಾವಾರು ಲೆಕ್ಕ ಶೀರ್ಷಿಕೆಗೆ ಬೇಡ, ಸಾರಾಂಶಕ್ಕೂ ಬೇಡ. ನಮ್ಮ ಒಟ್ಟು ಪರಿಣಾಮ 1.5 ಅಂಕ, ಅದರ ವಿಶ್ವಾಸಾರ್ಹ ಅಂತರ 0.2ರಿಂದ 2.8 ಎಂದಿಟ್ಟುಕೊಳ್ಳಿ. 0.92ನ್ನು 1.5ರಿಂದ ಭಾಗಿಸಿದರೆ 61 ಪ್ರತಿಶತ. ಆದರೆ ಕೆಳಗಿನ ಸಂಖ್ಯೆ 0.2ರ ಹತ್ತಿರವೂ ಇರಬಹುದಾದ್ದರಿಂದ ಆ ಪ್ರತಿಶತ ನೂರನ್ನೂ ದಾಟಬಹುದು. ಅಂಕಗಳಲ್ಲೇ ಹೇಳಿ, ಅಂತರದ ಸಮೇತ ಹೇಳಿ. ಪಿಎಚ್‌ಕ್ಯೂ-9ರಲ್ಲಿ ಒಬ್ಬ ರೋಗಿಯ ಮಟ್ಟಿಗೆ 5 ಅಂಕದ ಬದಲಾವಣೆಯನ್ನು ಮುಖ್ಯವೆಂದು ಎಣಿಸುವ ರೂಢಿ ಇದೆ. ಗುಂಪಿನ ಸರಾಸರಿಗೆ ಅದು ನೇರ ಹೋಲಿಕೆ ಅಲ್ಲ, ಆದರೂ ಒಂದು ಅಂಕದ ಒಳಗಿನ ಪರಿಣಾಮವನ್ನು "ಗಣನೀಯ" ಎಂದು ಕರೆಯದಿರಲು ಅದು ನೆನಪಿರಲಿ.

ಸಾರಾಂಶದ ವಾಕ್ಯ ಹೀಗಿರಬಹುದು: "ನಿದ್ರೆಯ ಪ್ರಶ್ನೆ ಹೊರತುಪಡಿಸಿದ ಖಿನ್ನತೆಯ ಅಂಕದಲ್ಲಿ ಒಟ್ಟು 1.5 ಇಳಿಕೆ ಕಂಡಿತು. 6ನೇ ವಾರದ ನಿದ್ರಾಹೀನತೆಯ ಮೂಲಕ ಹೋದ ಪಾಲು 0.92 ಎಂದು ಅಂದಾಜಿಸಿದ್ದೇವೆ. 6ನೇ ವಾರದ ಖಿನ್ನತೆಯನ್ನೂ ಗಣನೆಗೆ ತೆಗೆದುಕೊಂಡಾಗ ಈ ಪಾಲು 0.44. ಶುರುವಿನ ಅಂಶಗಳ ಆಚೆಗೆ ನಿದ್ರೆ ಮತ್ತು ಖಿನ್ನತೆ ಎರಡಕ್ಕೂ ಸಾಮಾನ್ಯವಾದ ಕಾರಣ ಇಲ್ಲ ಎಂಬ ಊಹೆಯ ಮೇಲೆ ಮೊದಲ ಅಂದಾಜು ನಿಂತಿದೆ." ರಿವ್ಯೂವರ್ ಒಬ್ಬರು "ಹಾಗಾದರೆ ನಿದ್ರೆಯೇ ಕಾರಣ ಅಂತ ಖಚಿತವಾಗಿ ಹೇಳಿ" ಎಂದು ಒತ್ತಾಯಿಸಿದರೆ, ಬಾಣಗಳ ಚಿತ್ರವನ್ನೂ ರೋ ಕೋಷ್ಟಕವನ್ನೂ ತೋರಿಸಿ ವಾಕ್ಯವನ್ನು ಇದ್ದ ಹಾಗೆಯೇ ಬಿಡಿ.